ಲ್ಯಾಪ್‌ಟಾಪಲ್ಲಿ ವೈಫೈ ಕಟ್ಟಾಗ್ತದಾ, ನೆಟ್‌ವರ್ಕೇ ಕಾಣ್ತಿಲ್ವಾ? ಆಂಟೆನಾ ವಯರ್ ತನಕ ಬಿಚ್ಚಿ ನೋಡುವ ಕ್ರಮ

ಹೋದ ಮಳೆಗಾಲದಲ್ಲಿ ಕಾಪುವಿನ ಅಕ್ಕನ ಮನೆಗೆ ಹೋಗಿದ್ದೆ. ಚಾ ಕುಡಿದು ಮುಗಿಯುವ ಮೊದ್ಲೇ ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ಮಡಿಲಲ್ಲಿಟ್ಟಳು. "ಮಾಮ, ಅಮ್ಮನ ಫೋನಲ್ಲಿ ಒಂಬತ್ತು ನೆಟ್‌ವರ್ಕ್ ತೋರಿಸ್ತದೆ, ನನ್ನದ್ರಲ್ಲಿ ಎರಡೇ, ಅದೂ ನಮ್ಮದು ಒಂದು ಕಡ್ಡಿ, ಹತ್ತು ನಿಮಿಷಕ್ಕೊಮ್ಮೆ ಕಟ್" ಅಂತ. ಭಾವ ಅಷ್ಟರಲ್ಲಿ ರೂಟರ್ ಹಾಳಾಗಿದೆ, ಹೊಸದು ತರುವ ಅಂತ ತೀರ್ಮಾನ ಮಾಡಿ ಆಗಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ, ಇದನ್ನು ಇತ್ತೀಚೆಗೆ ಯಾರಾದ್ರೂ ಬಿಚ್ಚಿದ್ರಾ? ಹೌದಂತೆ, ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಎಸ್‌ಎಸ್‌ಡಿ ಹಾಕಿಸಿದ್ದು. ಅಲ್ಲಿಗೆ ನನಗೆ ಅರ್ಧ ಗೊತ್ತಾಯ್ತು, ಆದ್ರೂ ಅಂದಾಜಿನ ಮೇಲೆ ಸ್ಕ್ರೂ ಬಿಚ್ಚಬಾರದು, ಮೊದ್ಲು ಅಳೆದು ನೋಡ್ಬೇಕು. ಆ ಕ್ರಮವನ್ನೇ ಇಲ್ಲಿ ಬರೀತಿದ್ದೇನೆ.

ಬಿಚ್ಚುವ ಮೊದ್ಲು ರೂಟರ್ ಪಕ್ಕ ಹೋಗಿ ಕೂತ್ಕೊಳ್ಳಿ

ನಮ್ಮ ಕಡೆ ಹಳೇ ಮನೆಗಳ ಮುರಕಲ್ಲಿನ ಗೋಡೆ ಎಷ್ಟು ದಪ್ಪ ಅಂತ ಗೊತ್ತಲ್ಲ, ಚಾವಡಿಯಲ್ಲಿ ರೂಟರ್ ಇಟ್ಟು ಒಳಗಿನ ಕೋಣೆಯಲ್ಲಿ ಕೂತು ಸಿಗ್ನಲ್ ಇಲ್ಲ ಅಂದ್ರೆ ಅದಕ್ಕೆ ಲ್ಯಾಪ್‌ಟಾಪ್ ಎಂತ ಮಾಡ್ತದೆ ಪಾಪ. 5 ಗಿಗಾಹರ್ಟ್ಸ್ ಅಂತೂ ಅಂಥ ಎರಡು ಗೋಡೆ ದಾಟುವಾಗ ಸುಸ್ತಾಗಿರ್ತದೆ. ಹಾಗಾಗಿ ಗೋಡೆಯ ಲೆಕ್ಕ ಬಿಡ್ಲಿಕ್ಕೆ ರೂಟರ್‌ನಿಂದ ಒಂದು ಒಂದೂವರೆ ಮೀಟರ್ ದೂರದಲ್ಲಿ, ಮಧ್ಯೆ ಏನೂ ಅಡ್ಡ ಇಲ್ಲದ ಹಾಗೆ ಕೂತು, ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನು ಹಾಕಿ:

```
netsh wlan show interfaces
```

ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಇದಕ್ಕೆ ಲೊಕೇಶನ್ ಅನುಮತಿ ಬೇಕು ಅಂತ ಹೇಳ್ತದೆ, ಸೆಟ್ಟಿಂಗ್ಸಲ್ಲಿ ಲೊಕೇಶನ್ ಆನ್ ಮಾಡಿದ್ರೆ ಆಯ್ತು. ಬರುವ ಸಾಲುಗಳಲ್ಲಿ ನಮಗೆ ಬೇಕಾದ್ದು `Signal` ಮತ್ತು `Receive rate`, ಅಷ್ಟೆ.

ಈ ಶೇಕಡಾ ಅಂದ್ರೆ ಎಂತ ಅಂತ ಒಮ್ಮೆ ತಿಳ್ಕೊಂಡ್ರೆ ಒಳ್ಳೇದು. ವಿಂಡೋಸ್ ಲೆಕ್ಕದಲ್ಲಿ 0 ಅಂದ್ರೆ ಮೈನಸ್ 100 ಡಿಬಿಎಂ, 100 ಅಂದ್ರೆ ಮೈನಸ್ 50 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿರುವ ಸಿಗ್ನಲ್. ಶೇಕಡಾವನ್ನು ಅರ್ಧ ಮಾಡಿ ಅದ್ರಿಂದ ನೂರು ಕಳೆದ್ರೆ ಡಿಬಿಎಂ ಸಿಗ್ತದೆ. ಒಂದು ಮೀಟರ್ ದೂರದಲ್ಲಿ ಸರಿ ಇರುವ ಯಾವ ಲ್ಯಾಪ್‌ಟಾಪೂ 95ರ ಮೇಲೆ ತೋರಿಸ್ಬೇಕು. ಇವಳದ್ರಲ್ಲಿ ಬಂದದ್ದು 34, ಅಂದ್ರೆ ಮೈನಸ್ 83. ಪಕ್ಕದಲ್ಲೇ ಇಟ್ಟ ಫೋನಲ್ಲಿ ವೈಫೈ ಅಳೆಯುವ ಆ್ಯಪ್ ಮೈನಸ್ 45 ತೋರಿಸ್ತಿತ್ತು. ರೂಟರ್ ಹಾಳಾಗಿದ್ರೆ ಫೋನಿಗೂ ಸಿಗ್ನಲ್ ಬರ್ಬಾರದಿತ್ತಲ್ಲ, ಭಾವನ ಹೊಸ ರೂಟರಿನ ದುಡ್ಡು ಅಲ್ಲಿಗೆ ಉಳೀತು.

ಈ ಒಂದು ನಂಬರ್ ನೋಡಿ ಮುಂದೆ ಯಾವ ದಾರಿ ಅಂತ ಹೇಳ್ಬಹುದು. ರೂಟರ್ ಪಕ್ಕದಲ್ಲೂ ಸಿಗ್ನಲ್ ಕಡಿಮೆ, ದೂರದ ನೆಟ್‌ವರ್ಕ್ ಕಾಣೋದೇ ಇಲ್ಲ ಅಂದ್ರೆ ಆಂಟೆನಾ ವಯರಿನ ಮೇಲೆ ಸಂಶಯ. ಸಿಗ್ನಲ್ 99 ಉಂಟು ಆದ್ರೂ ಕಟ್ಟಾಗ್ತದೆ, ಅದೂ ಚಾರ್ಜರ್ ತೆಗೆದಾಗ ಮಾತ್ರ ಅಂದ್ರೆ ಪವರ್ ಸೇವಿಂಗ್. ಇನ್ನು ಕೆಲವೊಮ್ಮೆ ವೈಫೈ ಬಟನೇ ಮಾಯ, ಡಿವೈಸ್ ಮ್ಯಾನೇಜರಲ್ಲಿ ವೈಫೈ ಕಾರ್ಡಿನ ಹೆಸರೇ ಇಲ್ಲ, ಮರುದಿನ ತಾನಾಗಿ ಬರ್ತದೆ ಅಂತಾದ್ರೆ ಕಾರ್ಡು ಸ್ಲಾಟಲ್ಲಿ ಸರಿ ಕೂತಿಲ್ಲ, ಇಲ್ಲವಾ ಹ್ಯಾಂಗ್ ಆಗಿದೆ.

ನಿಮ್ಮದೊಂದೇ ನೆಟ್‌ವರ್ಕ್ ಕಾಣ್ತಿಲ್ಲ, ಊರವರದ್ದೆಲ್ಲ ಕಾಣ್ತದೆ ಅಂದ್ರೆ ಸ್ಕ್ರೂಡ್ರೈವರ್ ಮುಟ್ಟಲೇ ಬೇಡಿ. `netsh wlan show drivers` ಅಂತ ಹಾಕಿ `Radio types supported` ನೋಡಿ, ಅಲ್ಲಿ ಬರೀ 802.11b, 802.11g, 802.11n ಮಾತ್ರ ಇದ್ರೆ ಅದು ಬಹುಶಃ 2.4 ಮಾತ್ರ ಗೊತ್ತಿರುವ ಹಳೇ ಕಾರ್ಡು, 5 ಗಿಗಾಹರ್ಟ್ಸಿನ ಹೆಸರು ಅದಕ್ಕೆ ಕಾಣೋದೇ ಇಲ್ಲ. ಇನ್ನೊಂದು ವಿಚಿತ್ರ ಉಂಟು, ರೂಟರ್ ಆಟೋದಲ್ಲಿದ್ದು 12 ಅಥವಾ 13ನೇ ಚಾನೆಲಿಗೆ ಹೋದ್ರೆ ಅಮೆರಿಕದ ಲೆಕ್ಕಕ್ಕೆ ಸೆಟ್ಟಾದ ಕಾರ್ಡುಗಳಿಗೆ ಅದು ಕಾಣದೆ ಇರ್ಬಹುದು, ಯಾಕಂದ್ರೆ ಅಲ್ಲಿ 11ರ ತನಕ ಮಾತ್ರ ಬಳಕೆ. ರೂಟರಲ್ಲಿ 1, 6 ಅಥವಾ 11ಕ್ಕೆ ಫಿಕ್ಸ್ ಮಾಡಿ ನೋಡಿ.

ಮುಚ್ಚಳ ಆಡಿಸಿ ನೋಡುವ ಪರೀಕ್ಷೆ

ಹೆಚ್ಚಿನ ಲ್ಯಾಪ್‌ಟಾಪಲ್ಲಿ ಆಂಟೆನಾ ಇರೋದು ಸ್ಕ್ರೀನಿನ ಸುತ್ತ. ಅಲ್ಲಿಂದ ತೆಳ್ಳಗಿನ ಎರಡು ವಯರು ಹಿಂಜಿನ ಒಳಗಿಂದ ಇಳಿದು ಕೆಳಗೆ ಕಾರ್ಡಿಗೆ ಬರ್ತವೆ. ಅಂದ್ರೆ ನೀವು ಮುಚ್ಚಳ ತೆಗೆದು ಹಾಕುವಾಗ ಪ್ರತಿಸಲ ಅವು ಬಾಗ್ತವೆ, ಹಿಂಜು ಬಿರುಕು ಬಿಟ್ಟಿದ್ರೆ ಅರೆದು ತುಂಡಾಗಲೂ ಬಹುದು. ಇದನ್ನು ಬಿಚ್ಚದೆಯೇ ನೋಡ್ಲಿಕ್ಕೆ ಪವರ್‌ಶೆಲ್‌ನಲ್ಲಿ ಇದನ್ನು ಓಡಿಸಿ:

```
while ($true) { netsh wlan show interfaces | Select-String "Signal"; Start-Sleep 2 }
```

ಎರಡು ಸೆಕೆಂಡಿಗೊಮ್ಮೆ ಸಿಗ್ನಲ್ ಬರ್ತಾ ಇರ್ತದೆ. ಈಗ ಮುಚ್ಚಳವನ್ನು ನಿಧಾನ ಹಿಂದೆ ಮುಂದೆ ಮಾಡಿ, ಒಂದೊಂದು ಕೋನದಲ್ಲಿ ಐದಾರು ಸಲ ನಂಬರ್ ಬರುವ ತನಕ ಕಾಯಿರಿ, ಅವಸರ ಮಾಡಿದ್ರೆ ಹಳೇ ನಂಬರನ್ನೇ ನೋಡ್ತೀರಿ. ಐದು ಹತ್ತು ಶೇಕಡಾ ಏರಿಳಿತ ಸಹಜ, ಆದ್ರೆ ಒಂದು ನಿರ್ದಿಷ್ಟ ಕೋನಕ್ಕೆ ಬಂದ ಕೂಡ್ಲೇ 90ರಿಂದ 40ಕ್ಕೆ ಬಿದ್ದು, ಮತ್ತೆ ಹಿಂದೆ ತಂದ್ರೆ ಏರಿದ್ರೆ ವಯರು ಹಿಂಜಿನಲ್ಲೇ ಹೋಗಿದೆ ಅಂತ ಲೆಕ್ಕ. ಇವಳದ್ದು ಯಾವ ಕೋನದಲ್ಲೂ 30ರಿಂದ 36ರ ಒಳಗೇ ಇತ್ತು, ಅಲ್ಲಾಡ್ಲೇ ಇಲ್ಲ. ಹಾಗಾದ್ರೆ ತೊಂದರೆ ವಯರಿನ ಮಧ್ಯ ಇರ್ಲಿಕ್ಕಿಲ್ಲ, ಕೆಳಗಿನ ತುದಿಯಲ್ಲಿ ಇರ್ಬೇಕು.

ಬಿಚ್ಚುವುದು

ಬಿಚ್ಚುವ ಮೊದ್ಲು ಒಂದು ಸಣ್ಣ ಕೆಲಸ ಮಾಡಿ ನೋಡಿ, ಮುಖ್ಯವಾಗಿ ಕಾರ್ಡೇ ಮಾಯ ಆಗಿದ್ರೆ. ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಕೊಡಿ, ಆಗ ಪೂರ್ತಿ ಆಫ್ ಆಗ್ತದೆ, ಚಾರ್ಜರ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡೀರಿ, ಮತ್ತೆ ಆನ್ ಮಾಡಿ. ಸ್ಲೀಪಿಂದ ಎದ್ದಾಗ ಹ್ಯಾಂಗ್ ಆದ ಕಾರ್ಡು ಎಷ್ಟೋ ಸಲ ಇಷ್ಟಕ್ಕೇ ವಾಪಸ್ ಬರ್ತದೆ. ಬರಲಿಲ್ಲ ಅಂದ್ರೆ ಮುಂದೆ ಹೋಗುವ. ವಾರಂಟಿ ಇದ್ರೆ ಮಾತ್ರ ಇಲ್ಲಿಗೆ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಕೊಡಿ.

ಬೇಕಾದ್ದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ (ತುದಿಯ ಅಳತೆ 0 ಅಥವಾ 00), ಹಳೇ ಎಟಿಎಂ ಕಾರ್ಡು, ಒಂದು ಚಿಮುಟ, ಟಾರ್ಚು. ಕೆಳಗಿನ ಸ್ಕ್ರೂಗಳೆಲ್ಲ ಒಂದೇ ಉದ್ದ ಇರೋದಿಲ್ಲ, ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿ ತಿರುಗಿಸಿದ್ರೆ ಮೇಲಿನ ಕೀಬೋರ್ಡ್ ಕಡೆ ಉಬ್ಬುತ್ತದೆ, ಹಾಗಾಗಿ ಕಾಗದದಲ್ಲಿ ಲ್ಯಾಪ್‌ಟಾಪಿನ ಚಿತ್ರ ಬಿಡಿಸಿ ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ. ಕೆಲವು ಮಾಡೆಲಲ್ಲಿ ರಬ್ಬರ್ ಕಾಲಿನ ಅಡಿಯಲ್ಲೂ ಸ್ಕ್ರೂ ಅಡಗಿರ್ತದೆ. ಎಲ್ಲ ತೆಗೆದ ಮೇಲೂ ಕೆಳಗಿನ ಮುಚ್ಚಳ ಒಂದು ಕಡೆ ಗಟ್ಟಿ ಹಿಡಿದಿದ್ರೆ ಜೋರು ಮಾಡ್ಬೇಡಿ, ಅಲ್ಲೊಂದು ಸ್ಕ್ರೂ ಉಳಿದಿರ್ತದೆ. ಅಂಚಿನ ಸಂದಿಗೆ ಎಟಿಎಂ ಕಾರ್ಡು ತೂರಿಸಿ ಸುತ್ತ ಎಳೆದ್ರೆ ಕ್ಲಿಪ್ಪುಗಳು ಟಕ್ ಟಕ್ ಅಂತ ಬಿಡ್ತಾ ಬರ್ತವೆ.

ಮುಚ್ಚಳ ತೆಗೆದ ಕೂಡ್ಲೇ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯೋದು. ಇದೊಂದನ್ನು ಬಿಟ್ರೆ ಮಾತ್ರ ನಾನು ಬೈತೇನೆ. ಆಫ್ ಇದ್ರೂ ಬೋರ್ಡಲ್ಲಿ ಕರೆಂಟು ಇರ್ತದೆ, ಕೈಯಿಂದ ಜಾರಿದ ಒಂದು ಸಣ್ಣ ಸ್ಕ್ರೂ ಸಾಕು ಬೋರ್ಡು ಶಾರ್ಟ್ ಆಗ್ಲಿಕ್ಕೆ.

ವಯರು ನೋಡುವ ಕ್ರಮ

ವೈಫೈ ಕಾರ್ಡು ಈಗಿನವುಗಳಲ್ಲಿ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಸಣ್ಣ ತುಂಡು, ಮೇಲೆ ಲೋಹದ ಹೊದಿಕೆ, ಒಂದು ತುದಿ ಸ್ಲಾಟಲ್ಲಿ, ಇನ್ನೊಂದು ತುದಿಗೆ ಒಂದೇ ಸ್ಕ್ರೂ. ಅದಕ್ಕೆ ಒಂದು ಕಪ್ಪು ಒಂದು ಬಿಳಿ ವಯರು ಬಂದು ಸೇರ್ಬೇಕು. ತುಂಬಾ ತೆಳ್ಳಗಿನ ಕೆಲವು ಲ್ಯಾಪ್‌ಟಾಪಲ್ಲಿ ಕಾರ್ಡನ್ನೇ ಬೋರ್ಡಿಗೆ ಬೆಸುಗೆ ಹಾಕಿರ್ತಾರೆ, ಆಗ ಕಾರ್ಡು ತೆಗೆದು ಕೂರಿಸುವ ಪ್ರಶ್ನೆ ಇಲ್ಲ, ವಯರು ಮಾತ್ರ ನೋಡ್ಬಹುದು.

ಇವಳದ್ರಲ್ಲಿ ಎಂತ ಆಗಿತ್ತು ಅಂದ್ರೆ, ಎಸ್‌ಎಸ್‌ಡಿ ಸ್ಲಾಟು ವೈಫೈ ಕಾರ್ಡಿನ ಪಕ್ಕದಲ್ಲೇ. ಹಾಕಿದವರ ಕೈ ತಾಗಿ ಕಪ್ಪು ವಯರು ಪೂರ್ತಿ ಬಿಟ್ಟು ಬ್ಯಾಟರಿಯ ಬದಿಯಲ್ಲಿ ಬಿದ್ದಿತ್ತು. ಬಿಳಿಯದ್ದು ಮೇಲಿಂದ ನೋಡುವಾಗ ಜಾಗದಲ್ಲೇ ಉಂಟು, ಆದ್ರೆ ಟಾರ್ಚು ಓರೆ ಹಿಡಿದು ನೋಡಿದ್ರೆ ಒಂದು ಬದಿ ಎದ್ದಿತ್ತು. ಹೀಗೆ ಅರ್ಧ ಕೂತದ್ದು ಬಿದ್ದದ್ದಕ್ಕಿಂತ ಕಷ್ಟ, ಯಾಕಂದ್ರೆ ಕಣ್ಣಿಗೆ ಸರಿ ಉಂಟು ಅಂತ್ಲೇ ಕಾಣ್ತದೆ. ಎರಡೂ ಸರಿ ಇಲ್ಲದೆ 34 ಹೇಗೆ ಬಂತು ಅಂತ ಭಾವ ಕೇಳಿದ್ರು. ಕಾರ್ಡಿನ ಮೇಲಿನ ಆ ಸಣ್ಣ ಪಿನ್ನೇ ಹತ್ತಿರದ ರೂಟರಿಂದ ಒಂದಿಷ್ಟು ಹಿಡೀತದೆ, ಅದಕ್ಕೇ ಪಕ್ಕದ ರೂಟರ್ ಕಾಣ್ತದೆ, ನೆರೆಮನೆಯದ್ದು ಕಾಣೋದಿಲ್ಲ.

ಕಪ್ಪು ಯಾವ ಕಡೆ, ಬಿಳಿ ಯಾವ ಕಡೆ? ಕಾರ್ಡಿನ ಮೇಲೆ ಸಾಮಾನ್ಯವಾಗಿ `MAIN`, `AUX` ಅಥವಾ 1, 2 ಅಂತ ಇಲ್ಲವಾ ಕಪ್ಪು ಬಿಳಿ ತ್ರಿಕೋನದ ಗುರುತು ಇರ್ತದೆ, ಬೋರ್ಡಿನ ಮೇಲೂ ಬರೆದಿರ್ತಾರೆ, ಆ ಪ್ರಕಾರ ಹಾಕಿ. ಅದಲು ಬದಲಾದ್ರೆ ಸುಡೋದೇನಿಲ್ಲ, ಹೆಚ್ಚಿನ ಕಾರ್ಡು ನಡೀತದೆ ಕೂಡ, ಆದ್ರೂ ಗುರುತಿನಂತೆ ಹಾಕೋದೇ ಒಳ್ಳೇದು. ತೆಗೆಯುವ ಮೊದ್ಲೇ ಫೋನಲ್ಲಿ ಒಂದು ಫೋಟೋ ಹೊಡ್ಕೊಂಡ್ರೆ ಈ ತಲೆಬಿಸಿಯೇ ಇಲ್ಲ.

ಹಾಕುವಾಗ ತಾಳ್ಮೆ ಬೇಕು ಮಾರಾಯ್ರೆ. ವಯರಿನ ತುದಿಯ ಗುಂಡಗಿನ ಲೋಹದ ಟೊಪ್ಪಿಯನ್ನು ಕಾರ್ಡಿನ ಉಂಗುರದ ಮೇಲೆ ಸರಿಯಾಗಿ ಇಡಿ, ಬೆರಳಲ್ಲಿ ಮೆಲ್ಲ ಆಚೀಚೆ ಮಾಡಿದ್ರೆ ಅದು ತಾನಾಗಿ ಉಂಗುರಕ್ಕೆ ಸೇರಿದ ಹಾಗೆ ಅನ್ನಿಸ್ತದೆ. ಹಾಗೆ ಅನ್ನಿಸಿದ ಮೇಲೆಯೇ ಉಗುರಲ್ಲಿ ನೆಟ್ಟಗೆ ಕೆಳಗೆ ಒತ್ತಿ, ಸಣ್ಣ ಕ್ಲಿಕ್ ಗೊತ್ತಾಗ್ತದೆ. ಸೇರದೆ ಒತ್ತಿದ್ರೆ ಉಂಗುರ ಚಪ್ಪಟೆ ಆಗ್ತದೆ, ನಡುವಿನ ಪಿನ್ನು ಬಾಗ್ತದೆ, ಆಮೇಲೆ ಹೊಸ ಕಾರ್ಡೇ ಗತಿ. ತೆಗೆಯುವಾಗಲೂ ವಯರು ಹಿಡಿದು ಎಳೀಬೇಡಿ, ಟೊಪ್ಪಿಯ ಅಡಿಗೆ ಚಿಮುಟದ ತುದಿ ಕೊಟ್ಟು ನೇರ ಮೇಲಕ್ಕೆ ಎತ್ತಿ. ಇವು ದಿನಾ ತೆಗೆದು ಹಾಕ್ಲಿಕ್ಕೆ ಮಾಡಿದ್ದಲ್ಲ, ತಯಾರಕರ ಲೆಕ್ಕವೇ ಸುಮಾರು 30 ಸಲ, ಹಾಗಾಗಿ ನೋಡುವ ಅಂತ ಸುಮ್ನೆ ತೆಗೀತಾ ಇರ್ಬೇಡಿ.

ಮಲ್ಟಿಮೀಟರ್ ಇರುವವರಿಗೆ ಒಂದು ಮಾತು. ವಯರಿನ ನಡುವಿನ ತಂತಿಗೂ ಹೊರಗಿನ ಜಾಲರಿಗೂ ಮುಟ್ಟಿಸಿ ಬೀಪ್ ಬಂದ್ರೆ ಶಾರ್ಟ್ ಅಂತ ಗಾಬರಿ ಬೇಡ. ಎಷ್ಟೋ ಲ್ಯಾಪ್‌ಟಾಪ್ ಆಂಟೆನಾಗಳ ರಚನೆಯೇ ಹಾಗೆ, ಒಂದು ಕಡೆ ಗ್ರೌಂಡಿಗೆ ಸೇರಿರ್ತದೆ, ಸರಿ ಇರುವ ಆಂಟೆನಾವೂ ಬೀಪ್ ಕೊಡ್ತದೆ. ಎರಡು ವಯರೂ ಒಂದೇ ತರ ತೋರಿಸ್ತವಾ ಅಂತ ಹೋಲಿಸಿದ್ರೆ ಸ್ವಲ್ಪ ಅರ್ಥ ಉಂಟು.

ಕಾರ್ಡು ತೆಗೆದು ಪುನಃ ಕೂರಿಸುವುದು

ಹೇಗೂ ಬಿಚ್ಚಿದ್ದೇನೆ ಅಂತ ನಾನು ಕಾರ್ಡನ್ನೂ ತೆಗೆದೆ. ಮೊದ್ಲು ವಯರು ಬಿಡಿಸಿ, ಆಮೇಲೆ ಸ್ಕ್ರೂ. ಸ್ಕ್ರೂ ತೆಗೆದ ಕೂಡ್ಲೇ ಕಾರ್ಡು ತಾನಾಗಿ ಓರೆಯಾಗಿ ಎದ್ದು ನಿಲ್ತದೆ, ಅದೇ ಓರೆಯಲ್ಲಿ ಎಳೀಬೇಕು, ಸೇರಿಸೋದೂ ಅದೇ ಓರೆಯಲ್ಲಿ. ಕಡಲ ಹತ್ತಿರದ ಮನೆಗಳಲ್ಲಿ ಉಪ್ಪು ಗಾಳಿ ಮತ್ತೆ ನಾಲ್ಕು ತಿಂಗಳ ಮಳೆಯ ತೇವ ಸೇರಿ ಲೋಹದ ಮೇಲೆ ಮಸುಕು ಕಟ್ತದೆ, ಇವಳ ಕಾರ್ಡಿನ ಸ್ಕ್ರೂವಿಗೆ ಆಗ್ಲೇ ತುಕ್ಕು ಬಂದಿತ್ತು. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿ ಐದು ನಿಮಿಷ ಒಣಗ್ಲಿಕ್ಕೆ ಬಿಡಿ. ಮನೆಯಲ್ಲಿ ಸ್ಯಾನಿಟೈಸರ್ ಉಂಟಲ್ಲ ಅಂತ ಅಕ್ಕ ಕೇಳಿದ್ಲು, ಬೇಡ, ಅದ್ರಲ್ಲಿ ನೀರೂ ಗ್ಲಿಸರಿನ್ನೂ ಇರ್ತದೆ, ಅಂಟು ಉಳೀತದೆ.

ಸೇರಿಸುವಾಗ ಹಲ್ಲುಗಳು ಸ್ಲಾಟಿನ ಒಳಗೆ ಬಹುತೇಕ ಕಾಣದ ಹಾಗೆ ಹೋಗ್ಬೇಕು. ಅರ್ಧ ಮಿಲಿಮೀಟರ್ ಹೊರಗೆ ಉಳಿದ್ರೂ ಕೆಲವೊಮ್ಮೆ ಬ್ಲೂಟೂತ್ ಬರ್ತದೆ ವೈಫೈ ಬರೋದಿಲ್ಲ, ಯಾಕಂದ್ರೆ ಎರಡೂ ಬೇರೆ ಬೇರೆ ಹಲ್ಲುಗಳ ಮೂಲಕ ಬೋರ್ಡಿಗೆ ಸೇರಿರ್ತವೆ. ಆಮೇಲೆ ತುದಿಯನ್ನು ಕೆಳಗೆ ಒತ್ತಿ ಸ್ಕ್ರೂ ಹಾಕಿ, ಕೈಗೆ ಗಟ್ಟಿ ಅನ್ನಿಸಿದಲ್ಲಿ ನಿಲ್ಲಿಸಿ.

ಮುಚ್ಚಿದ ಮೇಲೆ ಪುನಃ ಅಳೆಯಿರಿ, ನಾನು ಇಲ್ಲೇ ಸೋತದ್ದು

ಮುಚ್ಚಿ ಆನ್ ಮಾಡಿದಾಗ ಅದೇ ಜಾಗದಲ್ಲಿ 96 ಬಂತು, ಒಂಬತ್ತು ನೆಟ್‌ವರ್ಕೂ ಬಂತು, ನಾನು ಕಾಲರ್ ಎತ್ತಿ ಇನ್ನೊಂದು ಚಾ ಕೇಳಿದೆ. ಆದ್ರೆ ಇವಳು ಇಯರ್‌ಬಡ್ ಹಾಕಿ ಪಾಠದ ವಿಡಿಯೋ ನೋಡುವಾಗ ಶಬ್ದ ತುಂಡು ತುಂಡು. ಸಂಶಯ ಬಂದು `Receive rate` ನೋಡಿದ್ರೆ 433.3, ಒಂದು ದೊಡ್ಡ ಫೈಲ್ ಡೌನ್‌ಲೋಡಿಗೆ ಹಾಕಿದಾಗಲೂ ಅಷ್ಟೇ. ಅವರ ರೂಟರ್ ಎರಡು ಆಂಟೆನಾದ್ದು, ಈ ಕಾರ್ಡೂ ಎರಡರದ್ದು, 5 ಗಿಗಾಹರ್ಟ್ಸಲ್ಲಿ 80 ಮೆಗಾಹರ್ಟ್ಸ್ ಅಗಲಕ್ಕೆ 866.7 ಬರ್ಬೇಕಿತ್ತು. ಸರಿ ಅರ್ಧ ಬಂದಿದೆ ಅಂದ್ರೆ ಒಂದೇ ಆಂಟೆನಾ ಕೆಲಸ ಮಾಡ್ತಿದೆ. ಬ್ಲೂಟೂತ್ ಸಹ ಹೆಚ್ಚಿನ ಕಾರ್ಡಲ್ಲಿ ಆ ಎರಡರಲ್ಲೇ ಒಂದನ್ನು ಹಂಚಿಕೊಳ್ತದೆ, ಶಬ್ದ ತುಂಡಾದದ್ದೂ ಅದಕ್ಕೇ.

ಪುನಃ ಹನ್ನೊಂದು ಸ್ಕ್ರೂ ಬಿಚ್ಚಿದ್ದಾಯ್ತು. ಬಿಳಿ ವಯರು ಕ್ಲಿಕ್ ಆಗಿದೆ ಅಂತ ನನಗೆ ಅನ್ನಿಸಿದ್ದು, ಆಗಿರ್ಲಿಲ್ಲ. ಸರಿ ಒತ್ತಿ, ಈ ಸಲ ವಯರನ್ನು ಬದಿಯಿಂದ ಬೆರಳಲ್ಲಿ ಮೆಲ್ಲ ತಳ್ಳಿ ನೋಡಿದೆ, ಅಲ್ಲಾಡಲಿಲ್ಲ. ವಯರು ಓಡುವ ದಾರಿಯ ಕೊಕ್ಕೆಗಳಲ್ಲೂ ಕೂರಿಸಿದೆ, ಇಲ್ಲದಿದ್ರೆ ಮುಚ್ಚಳ ಹಾಕುವಾಗ ವಯರೇ ಎಳೆದು ಟೊಪ್ಪಿ ಪುನಃ ಏಳ್ತದೆ. ಆಮೇಲೆ 98, ಸ್ಪೀಡು 866.7. ಹಾಗಾಗಿ ಸಿಗ್ನಲ್ ಒಂದನ್ನೇ ನಂಬಬೇಡಿ, ರೇಟೂ ನೋಡಿ. ರೇಟನ್ನು ಡೌನ್‌ಲೋಡ್ ನಡೀತಿರುವಾಗಲೇ ನೋಡ್ಬೇಕು, ಸುಮ್ನೆ ಇರುವಾಗ ಕಾರ್ಡು ತಾನಾಗಿ ಇಳಿಸಿಕೊಂಡಿರ್ತದೆ.

ಜಗಲಿಯಲ್ಲಿ ಕೂತಾಗ ಮಾತ್ರ ಕಟ್

ವಾರ ಬಿಟ್ಟು ಫೋನ್ ಬಂತು. "ಮಾಮ, ಸಿಗ್ನಲ್ ಫುಲ್ ಉಂಟು, ಆದ್ರೂ ಜಗಲಿಯಲ್ಲಿ ಕೂತ್ರೆ ಕಟ್ಟಾಗ್ತದೆ." ಜಗಲಿಯಲ್ಲಿ ಪ್ಲಗ್ ಉಂಟಾ ಕೇಳಿದೆ, ಇಲ್ಲ. ಅಂದ್ರೆ ಜಾಗದ ತೊಂದರೆ ಅಲ್ಲ, ಬ್ಯಾಟರಿಯಲ್ಲಿ ಓಡುವಾಗಿನ ತೊಂದರೆ. ಒಳಗೆ ಪ್ಲಗ್ ಪಕ್ಕ ಕೂತು ಚಾರ್ಜರ್ ತೆಗೆದು ನೋಡು ಅಂದೆ, ಅಲ್ಲೂ ಕಟ್ಟಾಯ್ತು.

ಪವರ್ ಸೇವಿಂಗ್ ಅಂದ್ರೆ ಕಾರ್ಡು ಕೆಲಸ ಇಲ್ಲದಾಗ ಕಣ್ಣು ಮುಚ್ಚಿ, ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗಿ ಹೇಳುವ ಬೀಕನ್ ಕೇಳ್ಲಿಕ್ಕೆ ಮಾತ್ರ ಏಳೋದು. ಕಾರ್ಡಿಗೂ ರೂಟರಿಗೂ ಇದ್ರಲ್ಲಿ ಹೊಂದಾಣಿಕೆ ಆಗದಿದ್ರೆ ಕಟ್ಟಾಗ್ತದೆ. ಡಿವೈಸ್ ಮ್ಯಾನೇಜರಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆಗೆದು `Power Management` ಟ್ಯಾಬಲ್ಲಿ `Allow the computer to turn off this device to save power` ಟಿಕ್ ತೆಗೀರಿ. ಹೊಸ ಲ್ಯಾಪ್‌ಟಾಪಲ್ಲಿ ಈ ಟ್ಯಾಬೇ ಇಲ್ಲದಿರ್ಬಹುದು, ಪವರ್ ಪ್ಲಾನಲ್ಲಿ ವೈರ್‌ಲೆಸ್ ಸೆಟ್ಟಿಂಗೂ ಕಾಣೋದಿಲ್ಲ, ಇವಳದ್ದೂ ಹಾಗೇ. ಆಗ ಅಡ್ಮಿನ್ ಆಗಿ ತೆಗೆದ ಕಮಾಂಡ್ ಪ್ರಾಂಪ್ಟಲ್ಲಿ ಇವೆರಡು ಸಾಲು:

```
powercfg /setdcvalueindex SCHEME_CURRENT 19cbb8fa-5279-450e-9fac-8a3d5fedd0c1 12bbebe6-58d6-4636-95bb-3217ef867c1a 0
powercfg /setactive SCHEME_CURRENT
```

ಕೊನೆಯ 0 ಅಂದ್ರೆ ಬ್ಯಾಟರಿಯಲ್ಲೂ ಪೂರ್ತಿ ಶಕ್ತಿ. ಬ್ಯಾಟರಿ ಸ್ವಲ್ಪ ಬೇಗ ಇಳೀಬಹುದು. ಲಿನಕ್ಸಿನವರು `iw dev` ಅಂತ ಹಾಕಿ ಕಾರ್ಡಿನ ಹೆಸರು ನೋಡಿಕೊಂಡು, ನನ್ನದ್ರಲ್ಲಿ ಅದು `wlp2s0`, ಹೀಗೆ ಮಾಡಿ:

```
sudo iw dev wlp2s0 set power_save off
```

ಇದು ರೀಸ್ಟಾರ್ಟ್ ತನಕ ಮಾತ್ರ. ಸರಿಯಾಯ್ತು ಅಂತ ಖಾತ್ರಿ ಆದ್ರೆ ನೆಟ್‌ವರ್ಕ್ ಮ್ಯಾನೇಜರಿನ `/etc/NetworkManager/conf.d/` ಒಳಗೆ ಒಂದು `.conf` ಫೈಲ್ ಮಾಡಿ ಇದನ್ನು ಹಾಕಿ, 2 ಅಂದ್ರೆ ಆಫ್. ಉಬುಂಟುವಲ್ಲಿ ಅಲ್ಲೇ `default-wifi-powersave-on.conf` ಅಂತ ಇದ್ರೆ ಅದ್ರಲ್ಲಿರುವ 3ನ್ನು 2 ಮಾಡಿದ್ರೆ ಸಾಕು.

```
[connection]
wifi.powersave = 2
```

ಒಂದು ಸಲಕ್ಕೆ ಒಂದೇ ಬದಲಾಯಿಸಿ, ಅರ್ಧ ದಿನ ನೋಡಿ, ಆಮೇಲೆ ಇನ್ನೊಂದು. ಯಾವಾಗ ಯಾಕೆ ಕಟ್ಟಾಯ್ತು ಅಂತ ನೋಡ್ಲಿಕ್ಕೆ ವಿಂಡೋಸಲ್ಲಿ ಅಡ್ಮಿನ್ ಆಗಿ `netsh wlan show wlanreport` ಹಾಕಿದ್ರೆ ಕಳೆದ ಮೂರು ದಿನದ್ದು ಬ್ರೌಸರಲ್ಲಿ ತೆಗೆಯುವ ವರದಿಯಾಗಿ ಬರ್ತದೆ, ಕೆಂಪು ಗುರುತಿನ ಸಮಯಕ್ಕೂ ನೀವು ಚಾರ್ಜರ್ ತೆಗೆದ ಸಮಯಕ್ಕೂ ತಾಳೆ ಹಾಕಿ.

ಇಷ್ಟೂ ಮಾಡಿ ಆಗದಿದ್ರೆ

ಎರಡೂ ವಯರು ಗಟ್ಟಿ ಕೂತು, ಮುಚ್ಚಳ ಆಡಿಸಿದ್ರೂ ನಂಬರ್ ಬದಲಾಗದೆ, ರೂಟರ್ ಪಕ್ಕ 40 ದಾಟದಿದ್ರೆ ಕಾರ್ಡು ಹೋಗಿರ್ಬಹುದು. ಬೇರೆ ತರುವ ಮೊದ್ಲು ಹಳೇದರ ಹೆಸರು ನೋಡಿ. `AX201`, `AX211` ತರದ್ದು ಅದಕ್ಕೆ ಬೇಕಾದ ಇಂಟೆಲ್ ಬೋರ್ಡಲ್ಲಿ ಮಾತ್ರ ನಡೀತದೆ, ಎಎಂಡಿ ಲ್ಯಾಪ್‌ಟಾಪಿಗೆ ಹಾಕಿದ್ರೆ ಕಾಣೋದೇ ಇಲ್ಲ, `AX210` ಸಾಮಾನ್ಯ ಸ್ಲಾಟಿಗೆ ಆಗುವಂಥದ್ದು. ತೀರಾ ಹಳೇ ಲ್ಯಾಪ್‌ಟಾಪಿನ ವಯರಿನ ಟೊಪ್ಪಿ ದೊಡ್ಡದು, ಈಗಿನ ಸಣ್ಣ ಕಾರ್ಡಿನ ಉಂಗುರಕ್ಕೆ ಅದು ಕೂರೋದಿಲ್ಲ, ಅದನ್ನೂ ನೋಡ್ಕೊಳ್ಳಿ. ಹಿಂಜಿನಲ್ಲಿ ವಯರೇ ತುಂಡಾಗಿದ್ರೆ ಸ್ಕ್ರೀನಿನ ಚೌಕಟ್ಟು ಬಿಚ್ಚಿ ಹೊಸ ಆಂಟೆನಾ ಎಳೀಬೇಕು, ಬಾಗಿದ ಸ್ಕ್ರೀನು ಒಡೆಯುವ ಭಯ ಇರುವ ಕೆಲಸ, ಅದನ್ನು ನಾನೂ ಅಂಗಡಿಗೇ ಕೊಡೋದು. ಅಲ್ಲಿಯ ತನಕ ಒಂದು ಯುಎಸ್‌ಬಿ ವೈಫೈ ಡಾಂಗಲ್ ಸಿಕ್ಕಿಸಿ ಡಿವೈಸ್ ಮ್ಯಾನೇಜರಲ್ಲಿ ಒಳಗಿನ ಕಾರ್ಡನ್ನು ಡಿಸೇಬಲ್ ಮಾಡಿಡಿ, ಇಲ್ಲದಿದ್ರೆ ಎರಡರಲ್ಲಿ ಯಾವುದರ ಸಿಗ್ನಲ್ ನೋಡ್ತಿದ್ದೀರಿ ಅಂತ ನಿಮಗೇ ಗೊತ್ತಾಗೋದಿಲ್ಲ.